ಎಂಟರಲ್ಲಿ ಒಬ್ಬರು ಬರದಿದ್ದರೆ: ಕಾಶಿಯಾತ್ರೆಯ ನಷ್ಟದ ಲೆಕ್ಕ

ಮೈಸೂರಿನ ಒಂದು ಬಡಾವಣೆಯ ಎಂಟು ಮಂದಿ ಹೆಂಗಸರು ಕಾಶಿ, ಪ್ರಯಾಗ, ಅಯೋಧ್ಯೆಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ತಲಾ 23,000 ರೂಪಾಯಿ ಕೊಟ್ಟಿದ್ದಾರೆ. ಬೆಂಗಳೂರಿನಿಂದ ವಾರಾಣಸಿಗೆ ಹೋಗಿ ಬರುವ ವಿಮಾನಕ್ಕೆ 11,000. ಇಬ್ಬರಿಗೊಂದರಂತೆ ನಾಲ್ಕು ರೂಮು, ಐದು ರಾತ್ರಿ, ರೂಮಿಗೆ ದಿನಕ್ಕೆ 2,000. ಅಲ್ಲಿಗೆ ತಲಾ 5,000. ಟೆಂಪೊ ಟ್ರಾವೆಲರ್ ಬಾಡಿಗೆ ಒಟ್ಟು 32,000, ಅಂದರೆ ತಲಾ 4,000. ಊಟ, ತಿಂಡಿ, ಗಂಗೆಯ ದೋಣಿಗೆಂದು 3,000. ಹೊರಡಲು ಹತ್ತು ದಿನ ಉಳಿದಿರುವಾಗ ಅವರಲ್ಲೊಬ್ಬರ ಮಗಳಿಗೆ ಹೆರಿಗೆ ಮುಂಚೆಯೇ ಆಗಬಹುದು ಎಂದು ಡಾಕ್ಟರು ಹೇಳುತ್ತಾರೆ. ತಾಯಿ ಮನೆ ಬಿಟ್ಟು ಹೋಗುವಂತಿಲ್ಲ.

ಇಂಥ ಹೊತ್ತಿನಲ್ಲಿ ಗುಂಪಿನಲ್ಲಿ ಸಾಮಾನ್ಯವಾಗಿ ಎರಡು ಮಾತು ಏಳುತ್ತವೆ. ‘ಪಾಪ, ಅವರ ದುಡ್ಡು ಪೂರ್ತಿ ಕೊಟ್ಟುಬಿಡೋಣ’ ಅನ್ನುವುದು ಒಂದು. ‘ಬರದೇ ಇದ್ದದ್ದು ಅವರು, ದುಡ್ಡು ಹೋಯಿತು ಅಂತ ತಿಳಿಯಲಿ’ ಅನ್ನುವುದು ಇನ್ನೊಂದು. ಎರಡರಲ್ಲೂ ಯಾರಿಗೋ ಅನ್ಯಾಯವಾಗುತ್ತದೆ. ಪೂರ್ತಿ ಕೊಟ್ಟರೆ ಏಳು ಜನ ತಮ್ಮದಲ್ಲದ ಕಾರಣಕ್ಕೆ ಹೆಚ್ಚು ತೆರಬೇಕು. ಏನೂ ಕೊಡದಿದ್ದರೆ, ಅವರು ತಿನ್ನದ ಊಟದ ಹಣದಲ್ಲಿ ಉಳಿದವರ ಖರ್ಚು ಇಳಿಯುತ್ತದೆ. ನನಗೆ ಸರಿ ಕಾಣುವ ಅಳತೆ ಹೀಗಿದೆ: ಒಬ್ಬರು ಬಿಟ್ಟದ್ದರಿಂದ ಉಳಿದವರ ತಲೆಗೆ ಒಂದು ರೂಪಾಯಿಯೂ ಹೆಚ್ಚು ಬೀಳಬಾರದು, ಒಂದು ರೂಪಾಯಿ ಲಾಭವೂ ಆಗಬಾರದು. ಹಾಗಾದರೆ ಬಿಟ್ಟವರಿಗೆ ಸೇರಬೇಕಾದದ್ದು, ಅವರು ಬಾರದ್ದರಿಂದ ನಿಜವಾಗಿ ಉಳಿದ ಅಥವಾ ವಾಪಸು ಬಂದ ಹಣ ಮಾತ್ರ.

ಇದನ್ನು ಒಂದೊಂದು ಬಾಬ್ತಿಗೂ ಬೇರೆಯಾಗಿ ನೋಡಬೇಕು. ಊಟದ 3,000 ಇನ್ನೂ ಖರ್ಚಾಗಿಲ್ಲ, ಪೂರ್ತಿ ಅವರದೇ. ಗಾಡಿಯ ಬಾಡಿಗೆ ಏಳು ಜನ ಕೂತರೂ ಅಷ್ಟೇ, ಎಂಟು ಜನ ಕೂತರೂ ಅಷ್ಟೇ. ಆ 4,000 ಹೋಯಿತು. ವಿಮಾನದ ಟಿಕೆಟ್ ಅವರೊಬ್ಬರ ಹೆಸರಿನದು, ಹಾಗಾಗಿ ಅದರ ನಷ್ಟವೂ ಅವರದೇ. ಆದರೆ ‘ನಾನ್ ರಿಫಂಡಬಲ್’ ಅಂದ ಮಾತ್ರಕ್ಕೆ ಸೊನ್ನೆ ಎಂದು ಕೈಬಿಡಬೇಡಿ. ಡಿಜಿಸಿಎ ನಿಯಮದ ಪ್ರಕಾರ ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕವನ್ನು, ಎಷ್ಟೇ ಅಗ್ಗದ ಟಿಕೆಟ್ ಆಗಿರಲಿ, ಹಿಂದಿರುಗಿಸಬೇಕು. ಟಿಕೆಟ್ ರದ್ದು ಮಾಡದೆ ಸುಮ್ಮನೆ ಬಿಟ್ಟವರು ಎಷ್ಟೋ ಸಲ ಈ ಹಣವನ್ನು ಕೇಳುವುದೇ ಇಲ್ಲ. ನಮ್ಮ ಲೆಕ್ಕದಲ್ಲಿ ಅದು 2,200 ಎಂದುಕೊಳ್ಳೋಣ.

ರೂಮಿನ ವಿಷಯ ಇಷ್ಟು ಸಲೀಸಲ್ಲ. ಅವರ ಜೊತೆಯವರು ಈಗ ಒಬ್ಬರೇ ಆಗುತ್ತಾರೆ. ನಾಲ್ಕೂ ರೂಮು ಹಾಗೇ ಇಟ್ಟುಕೊಂಡರೆ ಉಳಿತಾಯವಿಲ್ಲ, 5,000 ಹೋದ ಹಾಗೆಯೇ. ಆಗ ಅವರಿಗೆ ಸಿಗುವುದು ಊಟದ್ದೂ ವಿಮಾನದ್ದೂ ಸೇರಿ 5,200, ನಷ್ಟ 17,800. ಇನ್ನೊಂದು ದಾರಿ ಇದೆ. ಮೂವರು ಒಂದೇ ರೂಮಿನಲ್ಲಿರಲು ಒಪ್ಪಿದರೆ ಒಂದು ರೂಮನ್ನು ರದ್ದು ಮಾಡಬಹುದು. ಐದು ರಾತ್ರಿಗೆ 10,000 ಉಳಿಯುತ್ತದೆ. ಹೆಚ್ಚುವರಿ ಹಾಸಿಗೆಗೆ ದಿನಕ್ಕೆ 500ರಂತೆ 2,500 ಕಳೆದರೆ ಕೈಗೆ 7,500. ಇಲ್ಲೇ ಜಗಳ ಹುಟ್ಟುತ್ತದೆ, ಏಕೆಂದರೆ ಬಿಟ್ಟವರು ರೂಮಿಗೆ ಕೊಟ್ಟದ್ದೇ 5,000. ಅಷ್ಟನ್ನು ಅವರಿಗೆ ಕೊಟ್ಟು, ಉಳಿದ 2,500ನ್ನು ಇಕ್ಕಟ್ಟಿನಲ್ಲಿ ಮಲಗಲು ಒಪ್ಪಿದ ಮೂವರಿಗೇ ಹಂಚುವುದು ನ್ಯಾಯ ಎಂದು ನನ್ನ ಅಭಿಪ್ರಾಯ. ಆ ಉಳಿತಾಯ ಬಂದದ್ದು ಅವರ ಅನುಕೂಲದಿಂದ, ಏಳೂ ಜನರದರಿಂದಲ್ಲ. ಮೂವರಲ್ಲಿ ಒಬ್ಬರಿಗೆ ಮಂಡಿನೋವು, ರಾತ್ರಿ ಎರಡು ಮೂರು ಸಲ ಏಳಬೇಕು ಎಂದಾದರೆ ಒಪ್ಪಲೇಬೇಕೆಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಒಪ್ಪಿದರೆ ಬಿಟ್ಟವರಿಗೆ 10,200 ವಾಪಸು, ನಷ್ಟ 12,800.

ಟ್ರಾವೆಲ್ಸ್‌ನವರ ಪ್ಯಾಕೇಜಿನಲ್ಲಿ ಹೊರಟಿದ್ದರೆ ರೂಮಿನ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಒಂಟಿಯಾದವರಿಂದ ‘ಸಿಂಗಲ್ ರೂಮಿನ ಹೆಚ್ಚುವರಿ’ ಎಂದು ಕೇಳುತ್ತಾರೆ. ಅದನ್ನು ತೆರಬೇಕಾದವರು ಬಿಟ್ಟವರೇ ಹೊರತು ರೂಮಿನ ಜೊತೆಗಾರ್ತಿಯಲ್ಲ.

ಬದಲಿ ವ್ಯಕ್ತಿ ಸಿಕ್ಕರೆ ಲೆಕ್ಕ ಬಹಳಷ್ಟು ಹಗುರಾಗುತ್ತದೆ. ವಿಮಾನದ ಟಿಕೆಟನ್ನು ಇನ್ನೊಬ್ಬರ ಹೆಸರಿಗೆ ಮಾಡಲಾಗದು, ಆದ್ದರಿಂದ ಹೊಸಬರು ಟಿಕೆಟನ್ನು ಆ ದಿನದ ದರದಲ್ಲಿ ತಾವೇ ಕೊಳ್ಳಬೇಕು. (ರೈಲಾಗಿದ್ದರೆ ತಂದೆ, ತಾಯಿ, ಒಡಹುಟ್ಟಿದವರು, ಗಂಡ, ಹೆಂಡತಿ, ಮಕ್ಕಳ ಹೆಸರಿಗೆ, ಹೊರಡುವ 24 ಗಂಟೆ ಮೊದಲು ಅರ್ಜಿ ಕೊಟ್ಟು ಖಚಿತ ಟಿಕೆಟನ್ನು ವರ್ಗಾಯಿಸಬಹುದು.) ಆದರೆ ರೂಮಿನ 5,000, ಗಾಡಿಯ 4,000, ಊಟದ 3,000 ಹೊಸಬರೇ ಕೊಡುತ್ತಾರೆ. ಆಗ ಬಿಟ್ಟವರಿಗೆ ಉಳಿಯುವ ನಷ್ಟ ವಿಮಾನದ 8,800 ಮಾತ್ರ. ಬದಲಿಯನ್ನು ಹುಡುಕುವ ಹೊಣೆ ಮೊದಲು ಬಿಟ್ಟವರದು. ಅಪರಿಚಿತರನ್ನು ರೂಮಿಗೆ ಸೇರಿಸಿಕೊಳ್ಳಲು ಗುಂಪು ಒಪ್ಪದಿದ್ದರೆ ತಪ್ಪಲ್ಲ. ಆದರೆ ಮೊದಲೇ ‘ಜಾಗ ಇದ್ದರೆ ಹೇಳಿ’ ಎಂದಿದ್ದ ಅದೇ ಬೀದಿಯ ಪರಿಚಿತರನ್ನು ಕಾರಣವಿಲ್ಲದೆ ಬೇಡವೆಂದರೆ, ಆ 9,000ದ ಭಾರವನ್ನು ಬಿಟ್ಟವರ ಮೇಲೆ ಹೊರಿಸಲಾಗದು. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮಿನ ವಿವರಣೆಯೂ, ನಷ್ಟವನ್ನು ಅಂದಾಜು ಮಾಡುವಾಗ ಅದನ್ನು ತಪ್ಪಿಸಿಕೊಳ್ಳಲು ಇದ್ದ ದಾರಿಗಳನ್ನು ಗಮನಿಸಬೇಕು ಎನ್ನುತ್ತದೆ. ನೆರೆಹೊರೆಯವರ ನಡುವೆ ಕೋರ್ಟಿನ ಮಾತು ಬೇಡ, ಆದರೆ ಆ ವಿವೇಕ ಬೇಕು.

ಇನ್ನೊಂದು ಎಡವಟ್ಟು ತಾರೀಖಿನದು. ಹೋಟೆಲಿನವರು ಏಳು ದಿನ ಮೊದಲಿನವರೆಗೆ ಶುಲ್ಕವಿಲ್ಲದೆ ರದ್ದು ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಇವರು ಹತ್ತನೇ ದಿನವೇ ಗುಂಪಿನ ವಾಟ್ಸಾಪಿನಲ್ಲಿ ತಿಳಿಸಿದ್ದಾರೆ. ಮೂವರು ಒಪ್ಪಿಯೂ ಇದ್ದಾರೆ. ಆದರೆ ಬುಕಿಂಗ್ ನೋಡಿಕೊಳ್ಳುವವರು ‘ನಾಳೆ ಮಾಡಿದರಾಯಿತು’ ಎಂದು ಐದು ದಿನ ಕಳೆದರು. ತಪ್ಪಿಹೋದ ಉಳಿತಾಯವನ್ನು ಬಿಟ್ಟವರ ನಷ್ಟಕ್ಕೆ ಸೇರಿಸಬಾರದು. ತಿಳಿಸಿದ ದಿನ ಏನು ಸಾಧ್ಯವಿತ್ತೋ ಅದೇ ಲೆಕ್ಕ. ಹಾಗೆಯೇ, ಬುಕ್ ಆದ ಮೇಲೆ ಗುಂಪೇ ತಾರೀಖು ಬದಲಿಸಿ, ಹೊಸ ತಾರೀಖು ಒಬ್ಬರಿಗೆ ಆಗದೇ ಹೋದರೆ ಮಾತು ತಿರುಗುತ್ತದೆ. ಆಗ ಒಪ್ಪಂದ ಬದಲಿಸಿದವರು ಉಳಿದವರು, ನಷ್ಟವೂ ಅವರದೇ.

ಹಾಗಾದರೆ ಹೆರಿಗೆ, ಕಾಯಿಲೆ, ಸಾವಿಗೆ ರಿಯಾಯಿತಿ ಇಲ್ಲವೇ? ಖಂಡಿತ ಇರಬೇಕು, ಆದರೆ ಲೆಕ್ಕ ಮುಗಿದ ಮೇಲೆ. ಮೊದಲು ನಷ್ಟ ಇಷ್ಟು ಎಂದು ಎಲ್ಲರ ಮುಂದೆ ಬರೆದಿಡಿ. ಆಮೇಲೆ ಯಾರಿಗೆ ಮನಸ್ಸಿದೆಯೋ ಅವರು ತಮ್ಮಿಂದಾದಷ್ಟು ಕೊಡಲಿ, ಯಾರು ಎಷ್ಟು ಕೊಟ್ಟರೆಂದು ಗುಂಪಿನಲ್ಲಿ ಹಾಕಬೇಡಿ. ಕರುಣೆಯನ್ನು ಸಮಪಾಲಾಗಿ ಎಲ್ಲರ ಮೇಲೆ ಹೇರಿದರೆ, ಪಿಂಚಣಿಯಲ್ಲಿ ಬದುಕುವ ಒಬ್ಬರಿಗೆ ಅದು ದಂಡವಾಗುತ್ತದೆ. ಇದಕ್ಕಿಂತ ಒಳ್ಳೆಯದು ಬುಕ್ ಮಾಡುವ ಮುನ್ನವೇ ತಲಾ 500 ತೆಗೆದಿಟ್ಟು, ಮನೆಯಲ್ಲಿ ಕಾಯಿಲೆ, ಹೆರಿಗೆ, ಸಾವು ಎದುರಾದವರಿಗೆ ಅದು ಸಲ್ಲುತ್ತದೆ, ಬಳಸದಿದ್ದರೆ ಹಿಂದಿರುಗಿಸುತ್ತೇವೆ ಎಂದು ಬರೆದಿಡುವುದು. ಎಂಟು ಜನರಿಂದ 4,000 ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಗಾಡಿಯ ಬಾಡಿಗೆಗೆ ಸರಿಯಾಗಿ ಹೊಂದುತ್ತದೆ.

ಹಣ ಕೈಗೆ ಸೇರುವುದು ಯಾವಾಗ ಎಂಬುದನ್ನೂ ಹೇಳಿಬಿಡಬೇಕು. ಊಟದ 3,000 ಖಜಾಂಚಿಯ ಕೈಯಲ್ಲೇ ಇದೆ, ಅದನ್ನು ಅಂದೇ ಕೊಡಬಹುದು. ವಿಮಾನದ್ದು ಏಜೆಂಟರ ಖಾತೆಗೆ ಬಂದ ಮೇಲೆ, ರೂಮಿನದು ಹೋಟೆಲಿನ ಕೊನೆಯ ಬಿಲ್ಲು ಬಂದ ಮೇಲೆ, ಬಿಲ್ಲಿನ ಫೋಟೊದೊಂದಿಗೆ ಕೊಟ್ಟರೆ ಸಾಕು. ಎಲ್ಲವನ್ನೂ ಒಟ್ಟಿಗೆ ಕೊಡೋಣವೆಂದು ಯಾತ್ರೆ ಮುಗಿಯುವವರೆಗೆ ಕಾಯಿಸುವುದಕ್ಕೆ ಕಾರಣವೇ ಇಲ್ಲ. ಹೆರಿಗೆಯ ಮನೆಯಲ್ಲಿ ಆ ವಾರವೇ ದುಡ್ಡಿನ ಅಗತ್ಯವಿರುತ್ತದೆ.