ಲೋಟ ಸೋರಿತೇ? ಪುಟಾಣಿಗಳಿಗೆ ಬಾಯಿಪ್ರಶ್ನೆ: ತಪ್ಪು ಕಲ್ಪನೆ ಮತ್ತು ಸತ್ಯ

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಗಿಡ, ಪ್ರಾಣಿ, ನೀರಿನ ಬಗ್ಗೆ ಬಾಯಿಪ್ರಶ್ನೆ ಕೇಳಲು ಅಡುಗೆಮನೆಯ ಸಾಮಾನೇ ಸಾಕು. ಎಡವುವುದು ಪ್ರಶ್ನೆ ಕೇಳುವ ರೀತಿಯಲ್ಲಿ.

ತಪ್ಪು ಕಲ್ಪನೆ: ವಸ್ತು ತೋರಿಸಿ 'ಇದೇನು?' ಎಂದರೆ ಪ್ರಶ್ನೆ ಮುಗಿಯಿತು.

ಸತ್ಯ: ಹೆಸರುಕಾಳು ತೋರಿಸಿದರೆ ಮಗು ಹೆಸರು ಹೇಳುತ್ತದೆ, ಅಷ್ಟೇ. 'ಇದಕ್ಕೆ ಜೀವ ಇದೆಯಾ?' ಎಂದು ಕೇಳಿ. 'ಅಲ್ಲಾಡಲ್ಲ, ಅದಕ್ಕೇ ಇಲ್ಲ' ಎನ್ನುವ ಮಕ್ಕಳೇ ಹೆಚ್ಚು. ಒಂದು ಹಿಡಿ ಹಸಿ ಕಾಳನ್ನೂ ಒಂದು ಹಿಡಿ ಬೇಯಿಸಿದ ಕಾಳನ್ನೂ ತೆಗೆದುಕೊಳ್ಳಿ. ಹಸಿ ಕಾಳನ್ನು ರಾತ್ರಿ ನೆನೆಸಿ, ಎರಡನ್ನೂ ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಹಸಿ ಕಾಳು ಮೊಳೆಯುತ್ತದೆ, ಬೆಂದದ್ದು ಲೋಳೆಯಾಗುತ್ತದೆ. ಕಾಳು ಉಬ್ಬಿದ್ದನ್ನೇ ಜೀವದ ಗುರುತು ಎನ್ನಬೇಡಿ, ಸತ್ತ ಕಾಳೂ ನೀರು ಕುಡಿದು ಉಬ್ಬುತ್ತದೆ. ಗುರುತು ಮೊಳಕೆ.

ತಪ್ಪು ಕಲ್ಪನೆ: ತಪ್ಪು ಉತ್ತರ ಬಂದ ಕೂಡಲೇ ತಿದ್ದಬೇಕು.

ಸತ್ಯ: ಸ್ಟೀಲ್ ಲೋಟಕ್ಕೆ ಐಸ್ ನೀರು ಹಾಕಿಡಿ. ಸ್ವಲ್ಪ ಹೊತ್ತಿಗೆ ಹೊರಗೆ ಹನಿ ಕಟ್ಟುತ್ತದೆ. 'ಈ ನೀರು ಎಲ್ಲಿಂದ ಬಂತು?' ಎಂದರೆ ಮಕ್ಕಳು 'ಲೋಟ ಸೋರಿದೆ' ಎನ್ನುತ್ತಾರೆ. ಇದು ಪರೀಕ್ಷಿಸಬಹುದಾದ ಒಳ್ಳೆಯ ಉತ್ತರ. 'ಹಾಗಾದರೆ ಒಳಗೆ ಕೆಂಪು ನೀರಿದ್ದರೆ ಹೊರಗಿನ ಹನಿ ಯಾವ ಬಣ್ಣ?' ಎಂದು ಕೇಳಿ, ಬೀಟ್‌ರೂಟ್ ರಸ ಬೆರೆಸಿದ ಐಸ್ ನೀರು ತುಂಬಿಸಿ. ಹನಿ ಕಟ್ಟಿದ ಮೇಲೆ ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಕೆಂಪಾಗುವುದಿಲ್ಲ. 'ಮೇಲಿನಿಂದ ಹಾರಿ ಬಂದಿರಬಹುದು' ಎಂದು ಯಾರಾದರೂ ಹೇಳಿದರೆ ತಟ್ಟೆ ಮುಚ್ಚಿ ಮತ್ತೆ ನೋಡಿ. ಆಗ ಉಳಿಯುವುದು ಸುತ್ತಲಿನ ಗಾಳಿ. ಅದರಲ್ಲಿರುವ ಕಾಣದ ನೀರಾವಿ ತಣ್ಣನೆ ಲೋಟ ತಾಕಿ ಹನಿಯಾಗುತ್ತದೆ. ಗಾಳಿ ತೀರಾ ಒಣಗಿದ್ದರೆ ಹನಿ ಕಡಿಮೆ, ಆದ್ದರಿಂದ ಮೊದಲು ಮನೆಯಲ್ಲಿ ಮಾಡಿ ನೋಡಿಕೊಳ್ಳಿ.

ತಪ್ಪು ಕಲ್ಪನೆ: ಪ್ರಶ್ನೆ ಸರಳವಾಗಿದ್ದರೆ ಗೊಂದಲ ಇರುವುದಿಲ್ಲ.

ಸತ್ಯ: ಕಾಗೆಯ ಗರಿ ಹಿಡಿದು 'ಇದು ಪ್ರಾಣಿಯದೋ, ಹಕ್ಕಿಯದೋ?' ಎಂದರೆ ಹಕ್ಕಿ ಪ್ರಾಣಿಯಲ್ಲ ಎಂದು ನಾವೇ ಕಲಿಸಿದಂತಾಯಿತು. ನಾಲ್ಕು ಕಾಲಿದ್ದರಷ್ಟೇ ಪ್ರಾಣಿ ಎಂಬ ನಂಬಿಕೆ ಅನೇಕ ಮಕ್ಕಳಲ್ಲಿ ಮೊದಲೇ ಇರುತ್ತದೆ. 'ಕಾಗೆ, ಇರುವೆ, ದನ ಮೂರೂ ಮಾಡುವ ಕೆಲಸ ಯಾವುದು?' ಎಂದು ಕೇಳಿ. ತಿನ್ನುತ್ತವೆ, ಓಡಾಡುತ್ತವೆ, ಮರಿ ಮಾಡುತ್ತವೆ ಎಂದು ಮಕ್ಕಳೇ ಜೋಡಿಸುತ್ತಾರೆ.

ತಪ್ಪು ಕಲ್ಪನೆ: ಮಗು ಸುಮ್ಮನಿದ್ದರೆ ಗೊತ್ತಿಲ್ಲ ಎಂದರ್ಥ.

ಸತ್ಯ: ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಉತ್ತರಕ್ಕೆ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡಿದರು.

ನಾಳೆ ಲೋಟದ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ. ಉತ್ತರ ತಪ್ಪಾಗಿದ್ದರೆ 'ಅದನ್ನು ಹೇಗೆ ನೋಡೋಣ?' ಎಂದು ಮಾತ್ರ ಕೇಳಿ.