ಟೋಲ್ ಗೇಟ್ ಹತ್ತಿರ ರೀಚಾರ್ಜ್ ಮಾಡಿದ್ರೆ ಫಾಸ್ಟ್ಯಾಗ್ ಕೆಲಸ ಮಾಡುತ್ತಾ?

ಹುಮನಾಬಾದ್ ಕಡೆಯಿಂದ ಉಮರ್ಗಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ, ಮಹಾರಾಷ್ಟ್ರ ಗಡಿ ದಾಟಿದ ಮೇಲೆ ತಲಮೋಡ್ ಟೋಲ್ ಸಿಗುತ್ತದೆ. ಫಾಸ್ಟ್ಯಾಗ್‌ನಲ್ಲಿ ಬ್ಯಾಲೆನ್ಸ್ ಇಲ್ಲ ಅಂತ ಕೆಲವರಿಗೆ ನೆನಪಾಗುವುದೇ ಇಂತಹ ಕ್ಯೂನಲ್ಲಿ.

ಗಾಡಿಯ ಗಾಜಿಗೆ ಅಂಟಿಸಿದ ಟ್ಯಾಗ್‌ನೊಳಗೆ ಹಣವೂ ಇಲ್ಲ, ಬ್ಯಾಟರಿಯೂ ಇಲ್ಲ. ಲೇನ್ ಮೇಲಿನ ರೀಡರ್ ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ಅದು ತನ್ನ ಗುರುತಿನ ಸಂಖ್ಯೆಯನ್ನು ಕಳಿಸುತ್ತದೆ. ಆ ಸಂಖ್ಯೆ ಬ್ಲಾಕ್‌ಲಿಸ್ಟ್‌ನಲ್ಲಿ ಇಲ್ಲದಿದ್ದರೆ ಗೇಟ್ ತೆರೆಯುತ್ತದೆ. ಹಣ ಕಡಿತವಾಗುವುದು ಆಮೇಲೆ, ಎನ್‌ಪಿಸಿಐ ಜಾಲದ ಮೂಲಕ ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲಿ. ಮೆಸೇಜ್ ತಡವಾಗಿ ಬರುವುದು ಇದಕ್ಕೇ. ಫಾಸ್ಟ್ಯಾಗ್ ಪಾರ್ಕಿಂಗ್‌ನಲ್ಲೂ ಇದೇ ಕ್ರಮ.

ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಿಗೆ ಟ್ಯಾಗ್‌ನ ಸ್ಥಿತಿ ಆಗಿಂದಾಗ್ಗೆ ತಿಳಿಯುತ್ತದೆ. ಹಾಗಾಗಿ ಗೇಟ್ ದಾಟುವ ಮೊದಲು ಯಾವಾಗ ರೀಚಾರ್ಜ್ ಮಾಡಿದರೂ ನಡೆಯುತ್ತದೆ ಎಂದು ಹೆದ್ದಾರಿ ಪ್ರಾಧಿಕಾರ 2025ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಹಳೆಯ ವ್ಯವಸ್ಥೆ ಇರುವ ಕೆಲವು ರಾಜ್ಯ ಹೆದ್ದಾರಿ ಟೋಲ್‌ಗಳಲ್ಲಿ ಪಟ್ಟಿ ಆಗಾಗ ಮಾತ್ರ ಅಪ್‌ಡೇಟ್ ಆಗುತ್ತದೆ. ಅಲ್ಲಿ ಕ್ಯೂನಲ್ಲಿ ನಿಂತು ಹಣ ಹಾಕಿದರೂ ರೀಡರ್‌ಗೆ ನಿಮ್ಮ ಟ್ಯಾಗ್ ಇನ್ನೂ ಬ್ಲಾಕ್ ಆಗಿಯೇ ಕಾಣಬಹುದು.

ಟ್ಯಾಗ್ ನಡೆಯದಿದ್ದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ 2025ರ ನವೆಂಬರ್ 15ರಿಂದ 100 ರೂಪಾಯಿ ಟೋಲ್‌ಗೆ ನಗದಾದರೆ 200, ಯುಪಿಐ ಆದರೆ 125 ಕೊಡಬೇಕೆಂಬ ನಿಯಮ ಜಾರಿಗೆ ಬಂದಿತ್ತು. ಮನೆಯಿಂದ ಹೊರಡುವಾಗಲೇ ಬ್ಯಾಲೆನ್ಸ್ ನೋಡಿಕೊಳ್ಳಿ.