ಬ್ಯಾಟರಿ ದೀಪ ಹತ್ತಿದರೆ ಮೊದಲು ಬೆಲ್ಟ್ ನೋಡಿ

ದಾರಿ ಮಧ್ಯೆ ಕಾರಿನ ಮೀಟರ್ ಬೋರ್ಡಿನಲ್ಲಿ ಗೊತ್ತಿಲ್ಲದ ದೀಪವೊಂದು ಹತ್ತಿದರೆ ಈಗ ಹೆಚ್ಚಿನವರು ಅದರ ಫೋಟೋ ತೆಗೆದು ಗಾಡಿ ವಿಷಯ ತಿಳಿದವರಿಗೆ ಕಳಿಸುತ್ತಾರೆ. ಫೋಟೋದಲ್ಲಿ ಆ ಚಿಹ್ನೆಯಷ್ಟೇ ದೊಡ್ಡದಾಗಿ ಕಾಣುತ್ತಿರುತ್ತದೆ. ಮುಂದೆ ಹೋಗಬಹುದೋ ಬಾರದೋ ಎಂದು ಹೇಳಬೇಕಾದರೆ ಅಕ್ಕಪಕ್ಕದ ಮುಳ್ಳುಗಳೂ ಕಾಣಬೇಕು.

ಅಕ್ಕನ ಮಗ ಮಳೆಗಾಲದ ಒಂದು ಸಂಜೆ ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಕಾರು ನಿಲ್ಲಿಸಿ ಕಳಿಸಿದ ಫೋಟೋದಲ್ಲಿ ಎರಡು ಕೆಂಪು ದೀಪಗಳಿದ್ದವು. ಒಂದು ಎಣ್ಣೆ ಕ್ಯಾನಿನಂಥದು, ಇನ್ನೊಂದು ಪ್ಲಸ್, ಮೈನಸ್ ಗುರುತಿನ ಪೆಟ್ಟಿಗೆ. ಪುಣ್ಯಕ್ಕೆ ಮೀಟರ್ ಬೋರ್ಡ್ ಪೂರ್ತಿ ಬಂದಿತ್ತು. ಆರ್‌ಪಿಎಂ ಮುಳ್ಳು ಸೊನ್ನೆಯಲ್ಲಿತ್ತು. ಅಂದರೆ ಕೀ ಆನ್ ಇದೆ, ಎಂಜಿನ್ ಓಡುತ್ತಿಲ್ಲ. ಆ ಸ್ಥಿತಿಯಲ್ಲಿ ಇವೆರಡೂ ಹತ್ತುವುದು ಸಹಜ. ಓಡಿಸುವಾಗ ಯಾವುದು ಹತ್ತಿತ್ತು ಎಂದು ಕೇಳಿದೆ.

"ಪೆಟ್ಟಿಗೆ ಥರದ್ದು ಮಾತ್ರ ಮಾವ. ಬ್ಯಾಟರಿ ವೀಕ್ ಆಗಿದೆ ಅಂತ ಅಲ್ವಾ? ಮಂಗಳೂರಲ್ಲಿ ಬದಲಾಯಿಸಿದ್ರಾಯ್ತು."

ತುಂಬ ಜನ ಹೀಗೇ ತಿಳಿಯುತ್ತಾರೆ. ಎಂಜಿನ್ ಓಡುವಾಗ ಗಾಡಿಗೆ ಕರೆಂಟು ಕೊಡುವುದು ಆಲ್ಟರ್ನೇಟರ್. ಬ್ಯಾಟರಿಯನ್ನು ಚಾರ್ಜ್ ಮಾಡುವುದೂ ಅದೇ. ಈ ದೀಪ ಹತ್ತಿದರೆ ಆ ಚಾರ್ಜಿಂಗ್ ನಿಂತಿದೆ ಎಂದು ಅರ್ಥ. ಬ್ಯಾಟರಿ ಹೊಸದೇ ಇದ್ದರೂ ಇರುವಷ್ಟು ಖಾಲಿಯಾಗುತ್ತ ಹೋಗುತ್ತದೆ.

ಆಲ್ಟರ್ನೇಟರ್ ತಿರುಗಿಸುವುದು ಎಂಜಿನ್ ಮುಂಭಾಗದ ರಬ್ಬರ್ ಬೆಲ್ಟ್. ನಮ್ಮಲ್ಲಿ ಈಗಲೂ ಅದನ್ನು ಫ್ಯಾನ್ ಬೆಲ್ಟ್ ಎಂದೇ ಕರೆಯುತ್ತಾರೆ. ಅನೇಕ ಗಾಡಿಗಳಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಬೆಲ್ಟ್ ತುಂಡಾಗಿದ್ದರೆ ಕೂಲೆಂಟ್ ಹರಿಯುವುದು ನಿಂತು, ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗಬಹುದು. ಕೆಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಹಿಂಬದಿಗೇ ಕೂತಿರುತ್ತದೆ. ಅಂಥ ಗಾಡಿಯಲ್ಲಿ ಬೆಲ್ಟ್ ಹೋದರೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗಾಗಿ ಈ ಒಂದು ದೀಪಕ್ಕೆ ಎರಡು ಉತ್ತರಗಳಿವೆ: ಬೆಲ್ಟ್ ಇಲ್ಲದಿದ್ದರೆ ಗಾಡಿ ಕದಲಿಸಲೇಬಾರದು, ಇದ್ದರೆ ಹತ್ತಿರದ ಊರು ಮುಟ್ಟಬಹುದು.

ಎಂಜಿನ್ ಆಫ್ ಆಗಿಯೇ ಇರಲಿ, ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ಬೆಲ್ಟಿನ ಫೋಟೋ ಕಳಿಸು, ಕೈ ಮಾತ್ರ ಹಾಕಬೇಡ ಎಂದೆ. ಬೆಲ್ಟ್ ಪುಲ್ಲಿಗಳ ಮೇಲೆ ಸರಿಯಾಗಿಯೇ ಕೂತಿತ್ತು, ಸೀಳಿರಲಿಲ್ಲ. ಸ್ಟಾರ್ಟ್ ಮಾಡಿಸಿದಾಗ ಎಣ್ಣೆ ದೀಪ ಆರಿತು, ಬ್ಯಾಟರಿ ದೀಪ ಉಳಿಯಿತು. ಟೆಂಪರೇಚರ್ ಮುಳ್ಳು ನಡುವಿನಲ್ಲೇ ನಿಂತಿತ್ತು. ತೊಂದರೆ ಆಲ್ಟರ್ನೇಟರಿನದೋ ಅದರ ವೈರಿನದೋ ಇರಬೇಕು ಎನಿಸಿತು.

ಇನ್ನು ಎಷ್ಟು ದೂರ ಎಂಬ ಲೆಕ್ಕ. ಅವನ ಸಣ್ಣ ಪೆಟ್ರೋಲ್ ಕಾರಿನದು 35 ಆಂಪಿಯರ್-ಅವರ್ ಬ್ಯಾಟರಿ. ಎರಡು ಹ್ಯಾಲೊಜನ್ ಹೆಡ್‌ಲೈಟ್‌ಗಳೇ 10 ಆಂಪಿಯರಿನಷ್ಟು ಎಳೆಯುತ್ತವೆ. ಇಗ್ನಿಷನ್, ಪೆಟ್ರೋಲ್ ಪಂಪ್, ವೈಪರ್, ರೇಡಿಯೇಟರ್ ಫ್ಯಾನ್ ಸೇರಿದರೆ ಒಂದು ಗಂಟೆಯನ್ನೂ ನಂಬುವಂತಿಲ್ಲ. ಮುಂದೆ ಮಂಜು ಕವಿದ ಶಿರಾಡಿ ಘಾಟಿ, ಕತ್ತಲಾಗುವ ಹೊತ್ತು. ಇಳಿಜಾರಿನಲ್ಲಿ ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ, ಒಂದೆರಡು ಸಲ ತುಳಿದ ಮೇಲೆ ಬ್ರೇಕ್‌ ಕೂಡ. ಹಾಗಾಗಿ ವಾಪಸ್ ಸಕಲೇಶಪುರಕ್ಕೇ ತಿರುಗಿಸು ಎಂದೆ. ಎಸಿ, ಫೋನ್ ಚಾರ್ಜರ್ ಎಲ್ಲ ಆಫ್; ಗ್ಯಾರೇಜ್ ಮುಟ್ಟುವವರೆಗೆ ಎಂಜಿನ್ ಮಾತ್ರ ಆಫ್ ಮಾಡುವುದು ಬೇಡ, ಮತ್ತೆ ಸ್ಟಾರ್ಟ್ ಆಗದೇ ಇರಬಹುದು; ಟೆಂಪರೇಚರ್ ಮುಳ್ಳು ಮೇಲೇರಿದರೆ ಅಲ್ಲೇ ಪಕ್ಕಕ್ಕೆ ಹಾಕಿ ನಿಲ್ಲಿಸು ಎಂದೂ ಹೇಳಿದೆ.

ಗ್ಯಾರೇಜಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಮೆಕ್ಯಾನಿಕ್ ಮೀಟರ್ ಹಿಡಿದರೆ ತೋರಿಸಿದ್ದು 12.1 ವೋಲ್ಟ್. ಆಲ್ಟರ್ನೇಟರ್ ಸರಿಯಿದ್ದರೆ 13.5ರಿಂದ 14.5ರ ಒಳಗಿರಬೇಕು. ಬಿಚ್ಚಿದಾಗ ಕಾರ್ಬನ್ ಬ್ರಷ್ ಸವೆದುಹೋಗಿತ್ತು. ಬದಲಾಯಿಸಿದ ಮೇಲೆ 14.1 ಬಂತು.

ಎಂಜಿನ್ ಓಡುವಾಗ ಉಳಿದದ್ದು ಆ ಎಣ್ಣೆ ಕ್ಯಾನಿನ ಕೆಂಪು ದೀಪವಾಗಿದ್ದರೆ ಯಾವ ಲೆಕ್ಕಕ್ಕೂ ಅವಕಾಶವಿರುತ್ತಿರಲಿಲ್ಲ. ಅದು ಆಯಿಲ್ ಪ್ರೆಷರ್ ಬಿದ್ದಿರುವ ಸೂಚನೆ. ಸುರಕ್ಷಿತ ಜಾಗಕ್ಕೆ ಸರಿಸಿ ತಕ್ಷಣ ಎಂಜಿನ್ ನಿಲ್ಲಿಸಿ ಟೋ ಗಾಡಿ ಕರೆಸಬೇಕು. ಪಕ್ಕದ ಊರಿನವರೆಗೆ ಎಂದು ಓಡಿಸಿದರೂ ಬೇರಿಂಗ್‌ಗಳು ಉಜ್ಜಿ ಎಂಜಿನ್ನೇ ಹೋಗಬಹುದು.

ಫೋಟೋದಿಂದ ತಿಳಿಯದ ವಿಷಯವೂ ಇದೆ. ಹಳದಿ ಚೆಕ್ ಎಂಜಿನ್ ದೀಪ ಒಂದೇ ಸಮ ಉರಿಯುತ್ತಿದ್ದು, ಗಾಡಿ ಎಂದಿನಂತೆ ಎಳೆಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಅದೇ ದೀಪ ಮಿಟುಕುತ್ತಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ ಅದನ್ನು ಸುಡುತ್ತದೆ, ಆಗ ನಿಲ್ಲಿಸಲೇಬೇಕು. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆ ದೀಪದ ಫೋಟೋ ಬಂದಾಗಲೆಲ್ಲ ನಾನು ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಇಡೀ ಮೀಟರ್ ಬೋರ್ಡ್ ಕಾಣುವಂತೆ ಹತ್ತು ಸೆಕೆಂಡಿನ ವಿಡಿಯೋ ಕಳಿಸಲು ಹೇಳುತ್ತೇನೆ.